ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿರಿ

ದೊಡವಾಡದ ಪೇಟೆಯಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟುಕೊಂಡಿರುವ ವ್ಯಾಪಾರಸ್ಥರೊಬ್ಬರು ಮೊನ್ನೆ ನಮ್ಮೆದುರು ತಮ್ಮ ಮೊಬೈಲನ್ನು ಹಿಡಿದು, "ಮಾಸ್ತರ್ರ, ಬ್ಯಾಂಕಿನವರಿಗೆ ನಾ ಓಟಿಪಿ ಹೇಳೇ ಇಲ್ಲರಿ. ಹೇಳಿದ್ದು ಪಾರ್ಸಲ್ ಹುಡುಗಗ. ಮತ್ತ ರೊಕ್ಕ ಹೆಂಗ ಹೋತು?" ಎಂದು ಕೇಳಿದರು. ಇದು ಅವರೊಬ್ಬರ ಪ್ರಶ್ನೆಯಲ್ಲ. ಗಿರಣಿಯ ಕಾಮಗಾರರಿಂದಲೂ ನಾವು ಇದೇ ಮಾತನ್ನು ಕೇಳಿದ್ದೇವೆ. ಆದುದರಿಂದ ಇದಕ್ಕೆ ಬಿಡಿಸಿ ಉತ್ತರ ಹೇಳುವುದು ನಮ್ಮ ಕರ್ತವ್ಯವಾಗಿದೆ.

ನಡೆದದ್ದು ಇಷ್ಟು. ಮೊದಲ ದಿನ ಬ್ಯಾಂಕಿನವನೆಂದು ಹೇಳಿಕೊಂಡು ಒಬ್ಬನು ಫೋನು ಮಾಡಿದನು. ಕಾರ್ಡಿನ ಮುದ್ದತು ಮುಗಿಯುತ್ತಿದೆಯೆಂದು ಹೆದರಿಸಿ, ಕಾರ್ಡಿನ ಮೇಲಿನ ಸಂಖ್ಯೆ, ತಾರೀಖು, ಹಿಂಬದಿಯ ಮೂರು ಅಂಕಿ ಇಷ್ಟನ್ನೂ ಬರೆದುಕೊಂಡನು. ಓಟಿಪಿಯನ್ನು ಕೇಳಲಿಲ್ಲ. ಕೇಳಿದ್ದರೆ ನಮ್ಮ ಅಂಗಡಿಕಾರರು ಕೂಡಲೇ ಫೋನನ್ನು ಇಡುತ್ತಿದ್ದರು. ಅಷ್ಟು ಎಚ್ಚರ ಅವರಿಗಿತ್ತು. ಮರುದಿನ ಬೇರೊಂದು ದನಿ. "ನಿಮ್ಮ ಹೆಸರಿಗೆ ಪಾರ್ಸಲ್ ಬಂದಿದೆ. ನೀವು ತರಿಸಿಲ್ಲವೇ? ಹಾಗಾದರೆ ರದ್ದು ಮಾಡುತ್ತೇನೆ. ಈಗ ಬರುವ ನಂಬರನ್ನು ಓದಿ ಹೇಳಿ" ಎಂದಿತು ಆ ದನಿ. ಗಿರಾಕಿಗಳು ನಿಂತಿದ್ದರು, ತಕ್ಕಡಿಯಲ್ಲಿ ಸಕ್ಕರೆಯಿತ್ತು. ಮೆಸೇಜು ಇಂಗ್ಲಿಷಿನಲ್ಲಿತ್ತು. ಕಣ್ಣಿಗೆ ಬಿದ್ದದ್ದು ಆರು ಅಂಕಿಗಳು ಮಾತ್ರ. ಅವರು ಓದಿ ಹೇಳಿದರು. ಖಾತೆಯಿಂದ 19,800 ರೂಪಾಯಿ ಹೋಯಿತು.

ಅದೇ ಮೆಸೇಜನ್ನು ನಾವು ಅವರ ಎದುರಿಗೆ ಕೂತು ಕನ್ನಡದಲ್ಲಿ ಓದಿ ಹೇಳಿದೆವು. ಇಂಥ ಅಂಗಡಿಯಲ್ಲಿ, ಇಷ್ಟು ರೂಪಾಯಿಯ ಖರೀದಿಗೆ, ನಿಮ್ಮ ಕಾರ್ಡಿನ ಲೆಕ್ಕದಲ್ಲಿ, ಇದು ನಿಮ್ಮ ಒಪ್ಪಿಗೆಯ ಸಂಖ್ಯೆ. ಯಾರಿಗೂ ಹೇಳಬೇಡಿರಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಪಾರ್ಸಲ್ ಎಂಬ ಶಬ್ದವೇ ಅದರಲ್ಲಿರಲಿಲ್ಲ. ಫೋನಿನಲ್ಲಿದ್ದವನು ಹೇಳಿದ್ದು ಒಂದು, ಮೆಸೇಜು ಹೇಳಿದ್ದು ಇನ್ನೊಂದು.

ಹಾಗಾದರೆ ಈ ಆರು ಅಂಕಿಗಳೆಂದರೇನು? ಕಾರ್ಡನ್ನು ಕೈಯಲ್ಲಿ ಹಿಡಿದು ತೋರಿಸದೆ ಅಂತರ್ಜಾಲದಲ್ಲಿ ಖರೀದಿ ಮಾಡುವಾಗ ಕಾರ್ಡಿನ ಮೇಲೆ ಅಚ್ಚಾದ ಅಂಕಿಗಳು ಸಾಲದು, ಇನ್ನೊಂದು ಪರೀಕ್ಷೆಯೂ ಬೇಕು ಎಂದು ರಿಸರ್ವ್ ಬ್ಯಾಂಕು 2009ರ ಆಗಸ್ಟಿನಿಂದ ನಿಯಮ ಮಾಡಿತು. ಕಾರ್ಡಿನ ಅಂಕಿಗಳನ್ನು ಕಳ್ಳನು ಹೇಗಾದರೂ ಸಂಪಾದಿಸಬಹುದು. ನಿಮ್ಮ ಕಿಸೆಯಲ್ಲಿರುವ ಮೊಬೈಲಿಗೆ ಬರುವ ಅಂಕಿ ಮಾತ್ರ ಅವನಿಗೆ ಸಿಗದು. ಆದುದರಿಂದ ಅದು ನಿಮ್ಮ ಸಹಿಗೆ ಸಮಾನ. ನಮ್ಮ ತಂದೆ ಅಜ್ಜಂದಿರ ಕಾಲದಲ್ಲಿ ಸಾವಕಾರನು ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು, ಮೇಲೆ ಬೇಕಾದ ಮೊತ್ತವನ್ನು ಬರೆದುಕೊಳ್ಳುತ್ತಿದ್ದನು. ಇಂದಿನ ಕಳ್ಳನು ಮೊತ್ತವನ್ನು ಮೊದಲೇ ಬರೆದಿಟ್ಟು, ಹೆಬ್ಬೆಟ್ಟಿಗಾಗಿ ಫೋನು ಮಾಡುತ್ತಾನೆ. ಅವನ ಅವಸರಕ್ಕೂ ಇದೇ ಕಾರಣ: ಆ ಅಂಕಿಗಳ ಆಯುಷ್ಯ ಕೆಲವೇ ನಿಮಿಷ.

ಇದನ್ನು ಅರಿತರೆ ಬ್ಯಾಂಕಿನ ಹೆಸರಿನಲ್ಲಿ ಕೇಳುವವನ ಸುಳ್ಳು ತಾನಾಗಿ ಬಯಲಾಗುತ್ತದೆ. ಅಂಕಿಯನ್ನು ಹುಟ್ಟಿಸಿ ಕಳಿಸಿದ್ದೇ ಬ್ಯಾಂಕಿನ ಯಂತ್ರ. ಸರಿಯೋ ತಪ್ಪೋ ಎಂದು ನೋಡುವುದೂ ಅದೇ ಯಂತ್ರ. ನಡುವೆ ಯಾವ ಗುಮಾಸ್ತನಿಗೂ, ಮ್ಯಾನೇಜರನಿಗೂ ಅದರಿಂದ ಆಗಬೇಕಾದ ಕೆಲಸವಿಲ್ಲ. ಖರೀದಿಯನ್ನು ರದ್ದು ಮಾಡಲು ಅಂಕಿಯನ್ನು ಹೇಳಬೇಕೆಂಬುದಂತೂ ಶುದ್ಧ ಸುಳ್ಳು. ಹೇಳದೆ ಸುಮ್ಮನಿದ್ದರೆ ಸಾಕು, ಅದು ತಾನೇ ರದ್ದಾಗುತ್ತದೆ.

ಪಾರ್ಸಲಿನ ಮಾತು ಸ್ವಲ್ಪ ಬೇರೆ. ಬೆಲೆಬಾಳುವ ಸಾಮಾನನ್ನು ಕೊಡುವಾಗ ಕೆಲವು ಕಂಪನಿಗಳು ನಿಜವಾಗಿಯೂ ಒಂದು ಅಂಕಿಯನ್ನು ಕೇಳುತ್ತವೆ. ಕಳ್ಳರಿಗೆ ಅನುಕೂಲವಾದದ್ದು ಈ ರೂಢಿಯೇ. ಆದರೆ ಅದು ಸಾಮಾನು ಮುಟ್ಟಿತೆಂಬುದಕ್ಕೆ ಕೊಡುವ ಪಾವತಿ. ಸಾಮಾನು ತಂದವನು ಬಾಗಿಲಲ್ಲಿ ನಿಂತಿರಬೇಕು, ಪೆಟ್ಟಿಗೆ ಕಣ್ಣೆದುರಿಗೆ ಇರಬೇಕು, ನೀವೇ ತರಿಸಿದ ಸಾಮಾನಾಗಿರಬೇಕು, ಮೆಸೇಜಿನಲ್ಲಿಯೂ ಆ ಕಂಪನಿಯ ಸಾಮಾನು ಮುಟ್ಟಿಸುವ ಮಾತೇ ಇರಬೇಕು. ತರಿಸದ ಸಾಮಾನಿಗೆ ಪಾವತಿ ಏಕೆ? ಫೋನಿನಲ್ಲಿ ಕೇಳಿದರೆ, ಅವನು ಯಾರೇ ಆಗಲಿ, ಹೇಳಕೂಡದು.

ಓದು ಬಲ್ಲವರು ಮೋಸಹೋಗುವುದಿಲ್ಲ ಎಂದು ಯಾರೂ ತಿಳಿಯಬಾರದು. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಚಿತ್ರನಟಿ ಪ್ರಿಯಾಂಕಾ ಉಪೇಂದ್ರ ಅವರಿಗೆ ಸಾಮಾನು ತಲುಪಿಸುವ ನೆಪದಲ್ಲಿಯೇ ಫೋನು ಬಂದಿತು. ನಕ್ಷತ್ರ ಮತ್ತು ಹ್ಯಾಶ್ ಗುರುತುಗಳಿದ್ದ ಒಂದು ಸಂಖ್ಯೆಯನ್ನು ಒತ್ತಲು ಹೇಳಿದರು. ಒತ್ತಿದ ಮೇಲೆ ಅವರ ವಾಟ್ಸಾಪ್ ಕಳ್ಳರ ಕೈಸೇರಿತು. ಅವರ ಹೆಸರಿನಲ್ಲಿ ಪರಿಚಿತರಿಗೆಲ್ಲ ಹಣ ಕೇಳುವ ಮೆಸೇಜು ಹೋಯಿತು. ಕೆಲವರು ನಂಬಿ ಕಳಿಸಿಯೂಬಿಟ್ಟರು. ಇಂಥ ಸಂಖ್ಯೆಗಳು ಸಾಮಾನ್ಯವಾಗಿ ನಿಮ್ಮ ಫೋನಿಗೆ ಬರುವ ಕರೆಗಳನ್ನು ಬೇರೆ ಫೋನಿಗೆ ತಿರುಗಿಸುವ ಅಪ್ಪಣೆಗಳು. ವಾಟ್ಸಾಪಿನ ಓಟಿಪಿಯನ್ನು ಕರೆಯ ಮೂಲಕವೂ ಪಡೆಯಬಹುದಾದ್ದರಿಂದ, ಕರೆ ತಿರುಗಿತೆಂದರೆ ಅಂಕಿಯನ್ನು ನೀವು ಹೇಳಬೇಕಾದ ಕೆಲಸವೂ ಉಳಿಯುವುದಿಲ್ಲ. ಆದುದರಿಂದ ಪರರು ಹೇಳಿದ ಇಂಥ ಸಂಖ್ಯೆಯನ್ನು ಒತ್ತುವುದೂ ಅಂಕಿಯನ್ನು ಓದಿ ಹೇಳುವುದೂ ಒಂದೇ. ಒತ್ತಿದ್ದೇ ಆದರೆ ಕೂಡಲೇ `##002#` ಒತ್ತಿದಲ್ಲಿ ಕರೆ ತಿರುಗಿಸುವಿಕೆ ರದ್ದಾಗುತ್ತದೆ. ಆಗದಿದ್ದರೆ ಸಿಮ್ಮಿನ ಕಂಪನಿಯವರಿಗೆ ಹೇಳಿ ರದ್ದು ಮಾಡಿಸಬೇಕು.

ಇನ್ನು ಹೋದ ಹಣದ ಗತಿ. ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಒಂದು ಗೆರೆಯನ್ನು ಎಳೆಯಿತು. ಖಾತೆದಾರನು ತಾನಾಗಿ ಗುಪ್ತ ಅಂಕಿಗಳನ್ನು ಹೇಳಿದ್ದರೆ, ಬ್ಯಾಂಕಿಗೆ ವರದಿ ಮಾಡುವವರೆಗಿನ ನಷ್ಟವೆಲ್ಲ ಅವನದು. ವರದಿ ಮಾಡಿದ ಮೇಲೆ ಆಗುವ ನಷ್ಟ ಬ್ಯಾಂಕಿನದು ಎಂಬುದೇ ಆ ಗೆರೆ. ಆದುದರಿಂದ ನಾಚಿಕೆಯಿಂದ ಮುಚ್ಚಿಟ್ಟ ಪ್ರತಿಯೊಂದು ಗಂಟೆಯೂ ನಮ್ಮ ಲೆಕ್ಕಕ್ಕೇ ಬೀಳುತ್ತದೆ. ಮೊದಲು ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ನಂಬರಿಗೆ ಫೋನು ಮಾಡಿ ಕಾರ್ಡನ್ನು ನಿಲ್ಲಿಸಿರಿ. ಅದರ ಬೆನ್ನಿಗೇ 1930ಕ್ಕೆ ಫೋನು ಮಾಡಿರಿ. ಕದ್ದ ಹಣವು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಿರುತ್ತದೆ. ಯಾರಾದರೂ ಅದನ್ನು ನಗದು ಮಾಡಿಕೊಳ್ಳುವುದರೊಳಗೆ ಸುದ್ದಿ ಮುಟ್ಟಿದರೆ ಮಾತ್ರ ತಡೆಹಿಡಿಯಲು ಬರುತ್ತದೆ. ನಮ್ಮ ಅಂಗಡಿಕಾರರು ಮೂರು ದಿನ ಮನೆಯವರಿಗೂ ಹೇಳಿರಲಿಲ್ಲ. ಅವರ ಹಣ ಇನ್ನೂ ಮರಳಿಲ್ಲ.

ಹೀಗೆಂದು ತಪ್ಪನ್ನೆಲ್ಲ ಬಡವನ ತಲೆಗೆ ಕಟ್ಟುವುದನ್ನು ನಾವು ಒಪ್ಪುವುದಿಲ್ಲ. ಓದಲು ಬಾರದ ಭಾಷೆಯಲ್ಲಿ ಎಚ್ಚರಿಕೆ ಕೊಟ್ಟು, ಎಚ್ಚರಿಸಿದ್ದೆವಲ್ಲ ಎಂದು ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ನಮ್ಮ ಊರಿನ ಖಾತೆದಾರರಿಗೆ ಬರುವ ಮೆಸೇಜಿನಲ್ಲಿ ಮೊದಲು ಮೊತ್ತ, ಆಮೇಲೆ ಉದ್ದೇಶ, ಕೊನೆಗೆ ಅಂಕಿ, ಎಲ್ಲವೂ ಕನ್ನಡದಲ್ಲಿರಬೇಕೆಂದು ನಾವು ಬ್ಯಾಂಕುಗಳನ್ನು ಆಗ್ರಹಪಡಿಸುತ್ತೇವೆ. ಈ ಬೇಡಿಕೆಯ ಅರ್ಜಿ ನಮ್ಮ ಕಚೇರಿಯಲ್ಲಿದೆ. ಸಹಿ ಹಾಕಲು ಬನ್ನಿರಿ.

ಅಲ್ಲಿಯವರೆಗೆ ಫೋನಿನಲ್ಲಿ ಅಂಕಿಯನ್ನು ಕೇಳಿದವನಿಗೆ ಒಂದೇ ಉತ್ತರ ಕೊಡಿರಿ: "ಶಾಖೆಗೆ ನಾನೇ ಬರುತ್ತೇನೆ, ಸಾಮಾನಿದ್ದರೆ ಅಂಗಡಿಗೆ ತಾ." ಇಷ್ಟು ಹೇಳಿ ಫೋನು ಇಡಿರಿ.