ಈರುಳ್ಳಿ ಇಟ್ಟರೆ ಸಾಲದು

ಹೊಸದಾಗಿ ಪೇಂಟ್, ಪ್ಲೈವುಡ್ ಕೆಲಸ ಮಾಡಿಸಿದ ಕೋಣೆಯಲ್ಲಿ ವಾಸನೆ ಹೋಗಲು ಹೆಚ್ಚಿದ ಈರುಳ್ಳಿ ಇಟ್ಟು, ಎರಡು ದಿನ ಬಿಟ್ಟು ಮಲಗಬಹುದೆಂಬ ಲೇಖನವೊಂದರ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಪೇಂಟಿನ ವಾಸನೆ ಗಾಳಿಯಾಡಿದರೆ ಬೇಗ ಇಳಿಯುತ್ತದೆ, ಒಪ್ಪಿದೆ. ಪ್ಲೈವುಡ್ ಹಾಗಲ್ಲ. ಅದರ ಪದರಗಳನ್ನು ಹಿಡಿದಿಡುವ ಅಂಟಿನಿಂದ ಫಾರ್ಮಾಲ್ಡಿಹೈಡ್ ತಿಂಗಳುಗಟ್ಟಲೆ ಹೊರಬರುತ್ತಿರುತ್ತದೆ. ಸೆಖೆ, ತೇವ ಏರಿದಷ್ಟೂ ಹೆಚ್ಚು. ಈರುಳ್ಳಿ ಆ ವಾಸನೆಯನ್ನು ಮರೆಸೀತು, ಅನಿಲವನ್ನು ಹೊರಹಾಕದು.

ನಮ್ಮ ಮನೆಯಲ್ಲಿ ಕೆಲಸ ಮುಗಿದ ಮೂರನೇ ವಾರಕ್ಕೆ ಮಗಳ ಕೋಣೆ ವಾಸನೆಯಿಲ್ಲದೆ ಚೆನ್ನಾಗಿತ್ತು. ಆದರೆ ರಾತ್ರಿಯಿಡೀ ಮುಚ್ಚಿಟ್ಟ ವಾರ್ಡ್‌ರೋಬನ್ನು ಬೆಳಿಗ್ಗೆ ತೆರೆದರೆ ಕಣ್ಣು ಉರಿಯುತ್ತಿತ್ತು. ಹಾಗಾಗಿ ಅವಳನ್ನು ಹಾಲ್‌ನಲ್ಲೇ ಮಲಗಿಸಿದೆವು. ವಾರ್ಡ್‌ರೋಬಿನ ಬಾಗಿಲು, ಡ್ರಾಯರುಗಳನ್ನೆಲ್ಲ ತೆರೆದಿಟ್ಟು, ಕಿಟಕಿಯ ಬಳಿ ಟೇಬಲ್ ಫ್ಯಾನನ್ನು ಹೊರಮುಖವಾಗಿ ಇಟ್ಟು, ಎದುರಿನ ಬಾಗಿಲು ತೆರೆದೆವು. ಬಡಗಿ ಹಾಗೇ ಬಿಟ್ಟಿದ್ದ ಬರಿಯ ಅಂಚುಗಳಿಗೆ ಎಡ್ಜ್ ಬ್ಯಾಂಡ್ ಅಂಟಿಸಿದೆವು. ಮುಚ್ಚಿ ತೆರೆದಾಗಲೂ ಕಣ್ಣು ಉರಿಯದ ದಿನವೇ ಅವಳ ಹಾಸಿಗೆ ಒಳಗೆ ಹೋಯಿತು.