ಪ್ರಶ್ನೆಯನ್ನು ಕಳಚಿದ ಫತ್ವಾ

ಉಸ್ಮಾನಿಯಾ ಸಾಮ್ರಾಜ್ಯದಲ್ಲಿ ಶೈಖುಲ್ ಇಸ್ಲಾಮರ ಫತ್ವಾ ಎಂದರೆ ಅಂತಿಮ ತೀರ್ಪು ಎಂದು ವಾದಿಸುವವರು ನಮ್ಮ ನಡುವೆ ಹಲವರಿದ್ದಾರೆ. ಈ ವಾದವನ್ನು ನಾವು ಒಪ್ಪಲಾರೆವು.

1545ರಿಂದ 1574ರವರೆಗೆ ಆ ಪದವಿಯಲ್ಲಿದ್ದ ಅಬುಸ್ಸುಊದ್ ಎಫೆಂದಿಯವರ ಕಾರ್ಯವಿಧಾನವನ್ನೇ ನೋಡೋಣ. ಜನರು ತಂದ ಸಮಸ್ಯೆಯನ್ನು ಗುಮಾಸ್ತರು ಮೊದಲು ಪ್ರಶ್ನೆಯ ರೂಪಕ್ಕೆ ತರುತ್ತಿದ್ದರು. ನಿಜವಾದ ಹೆಸರುಗಳನ್ನು ತೆಗೆದು, ಗಂಡಸರಿಗೆ ಝೈದ್, ಅಮ್ರ್ ಎಂದೂ ಹೆಂಗಸಿಗೆ ಹಿಂದ್ ಎಂದೂ ಬರೆಯುತ್ತಿದ್ದರು. ಜಗಳದ ಹಿನ್ನೆಲೆ ಕಳಚಿ, ಕಾನೂನಿನ ತಿರುಳು ಮಾತ್ರ ಉಳಿಯುತ್ತಿತ್ತು. ಅದರ ಕೆಳಗೆ ಅವರು ಅನೇಕ ವೇಳೆ 'ಆಗುತ್ತದೆ' ಅಥವಾ 'ಆಗದು' ಎಂದಷ್ಟೇ ಬರೆದು ಸಹಿ ಹಾಕುತ್ತಿದ್ದರು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಝೈದ್ ಪ್ರಾಣಬೆದರಿಕೆ ಒಡ್ಡಿ ಹಿಂದ್‌ಳ ಮನೆಯನ್ನು ದಾನವಾಗಿ ಬರೆಸಿಕೊಂಡರೆ, ಆಕೆ ಅದನ್ನು ಮರಳಿ ಪಡೆಯಬಹುದೇ? ಉತ್ತರ: 'ಆಗುತ್ತದೆ.' ಆದರೆ ಝೈದ್ ನಿಜವಾಗಿಯೂ ಬೆದರಿಸಿದನೇ? ಮುಫ್ತಿ ಅದನ್ನು ವಿಚಾರಿಸುತ್ತಿರಲಿಲ್ಲ. ಸಾಕ್ಷಿಗಳನ್ನು ಕೇಳಿ ನಿರ್ಧರಿಸುವುದು ಕಾಝಿಯ ಹೊಣೆಯಾಗಿತ್ತು. ಬೆದರಿಕೆ ಸಾಬೀತಾಗದಿದ್ದರೆ, ಫತ್ವಾ ಕೈಯಲ್ಲಿದ್ದರೂ ಹಿಂದ್ ಸೋಲುತ್ತಿದ್ದಳು. ಹಾಗೆಂದು ಫತ್ವಾ ಸುಳ್ಳಾಗುತ್ತಿರಲಿಲ್ಲ; ಅದು ಆ ಪ್ರಕರಣಕ್ಕೆ ಅನ್ವಯವಾಗುತ್ತಿರಲಿಲ್ಲ, ಅಷ್ಟೆ.

ಆದ್ದರಿಂದಲೇ ಫತ್ವಾ ಸಂಗ್ರಹಗಳಲ್ಲಿ ಪ್ರಶ್ನೆ ಮತ್ತು ಉತ್ತರ ಜೊತೆಯಾಗಿಯೇ ಇರುತ್ತವೆ. ಯಾರು ಗೆದ್ದರೆಂಬುದನ್ನು ತಿಳಿಯಲು ಕಾಝಿಯ ದಫ್ತರಗಳನ್ನೇ ನೋಡಬೇಕು. ಪ್ರಶ್ನೆಯನ್ನು ಮರೆಮಾಚಿ, 'ಆಗದು' ಎಂಬ ಒಂದೇ ಪದವನ್ನು ಹಿಡಿದು ಇತರರನ್ನು ಅಪರಾಧಿಗಳೆನ್ನುವವರು ಆ ವಿದ್ವಾಂಸರ ಅನುಯಾಯಿಗಳಲ್ಲ. ಆ ವಿದ್ವಾಂಸರು ಕಾಝಿಗೆ ಬಿಟ್ಟ ಕೆಲಸವನ್ನು ಇವರು ಸಾಕ್ಷಿಯಿಲ್ಲದೆಯೇ ಮುಗಿಸುತ್ತಿದ್ದಾರೆ.