ಪದ ಷರೀಫರದು, ಧಾಟಿ ಯಾರದು?

ಜಯನಗರದ ಕಾಲೇಜು ವಿದ್ಯಾರ್ಥಿನಿಯೊಬ್ಬಳು ಎರಡು ನಿಮಿಷದ ಅನಿಮೇಷನ್ ಚಿತ್ರ ಮಾಡಿದ್ದಾಳೆ ಎಂದುಕೊಳ್ಳೋಣ. ಕೋಳಿಯೊಂದು ಮಂಗನನ್ನು ನುಂಗುವ ಶಿಶುನಾಳ ಷರೀಫರ ತತ್ವಪದವೇ ಅದರ ವಸ್ತು. ಸಿ. ಅಶ್ವತ್ಥ್ ಹಾಡಿರುವ ಹಳೆಯ ಕ್ಯಾಸೆಟ್ ಮನೆಯಲ್ಲಿದೆ. ಅದರ ಹಾಡನ್ನು ಜೋಡಿಸಿ ಯೂಟ್ಯೂಬಿಗೆ ಹಾಕುವುದಷ್ಟೇ ಬಾಕಿ. ‘ಷರೀಫರು ಹೋಗಿ ನೂರು ವರ್ಷ ಮೀರಿತು, ಇನ್ನು ಯಾರನ್ನು ಕೇಳಬೇಕು?’ ಎನ್ನುತ್ತಾರೆ ತಂದೆ.

ಅವರ ಮಾತು ಮೂರರಲ್ಲಿ ಒಂದು ಪಾಲು ಸರಿ. ಇಂಥ ಹಾಡಿನಲ್ಲಿ ಸಾಹಿತ್ಯ, ರಾಗಸಂಯೋಜನೆ, ಧ್ವನಿಮುದ್ರಣ ಎಂಬ ಮೂರು ಬೇರೆ ಬೇರೆ ಹಕ್ಕುಗಳಿವೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಿತಾವಧಿಯ ನಂತರವೂ 60 ವರ್ಷ ಇರುತ್ತದೆ. ಷರೀಫರು ನಿಧನರಾದದ್ದು 1889ರಲ್ಲಿ. ಆದ್ದರಿಂದ ಪದ ಎಲ್ಲರ ಸೊತ್ತು. ಆದರೆ ಆ ಧಾಟಿ ಅಶ್ವತ್ಥರದು. ಅವರು ತೀರಿಕೊಂಡದ್ದು 2009ರಲ್ಲಿ. ಧಾಟಿಯ ಹಕ್ಕು 2069ರ ಕೊನೆಯವರೆಗೆ ಇರುತ್ತದೆ. ಧ್ವನಿಮುದ್ರಣದ 60 ವರ್ಷವನ್ನು ಪ್ರಕಟವಾದ ಮರುವರ್ಷದಿಂದ ಎಣಿಸಬೇಕು. ಕ್ಯಾಸೆಟ್ 1990ರದಾಗಿದ್ದರೆ 2050ರ ಕೊನೆಗೆ ಅದು ಮುಗಿಯುತ್ತದೆ.

ಹಾಗಾಗಿ ಎರಡು ಅನುಮತಿ ಬೇಕು. ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಅಚ್ಚಾಗಿರುವ ಕಂಪನಿಯನ್ನು ಮೊದಲು ಕೇಳಬೇಕು. ಧಾಟಿಯ ಹಕ್ಕು ಸಂಯೋಜಕರ ವಾರಸುದಾರರಲ್ಲಿರಬಹುದು, ಕರಾರಿನ ಮೂಲಕ ಅದೇ ಕಂಪನಿಗೆ ಸೇರಿರಲೂಬಹುದು. ಅದನ್ನೂ ಅಲ್ಲಿಯೇ ವಿಚಾರಿಸಬೇಕು. ಹಾಡಿನ ಹೆಸರು, ಬಳಸುವ ಸೆಕೆಂಡುಗಳು, ಎಲ್ಲಿ ಹಾಕುವುದು, ಎಷ್ಟು ಕಾಲ, ಜಾಹೀರಾತಿನ ಹಣ ಬರುತ್ತದೆಯೇ ಎಂಬುದು ಪತ್ರದಲ್ಲಿರಬೇಕು. ಉತ್ತರವೂ ಲಿಖಿತವಾಗಿಯೇ ಬರಬೇಕು.

‘ಮೂವತ್ತು ಸೆಕೆಂಡಿನೊಳಗಾದರೆ ತಪ್ಪಿಲ್ಲ’ ಎಂಬ ಮಾತಿಗೆ ಕಾಯ್ದೆಯಲ್ಲಿ ಆಧಾರವಿಲ್ಲ. ಕೊನೆಯಲ್ಲಿ ‘ಕೃಪೆ’ ಎಂದು ಹೆಸರು ಹಾಕಿದರೆ ಅನುಮತಿ ಪಡೆದಂತಲ್ಲ. ಕಾಲೇಜಿನ ಚಟುವಟಿಕೆಯಾಗಿ ವಿದ್ಯಾರ್ಥಿಗಳು, ಪೋಷಕರು, ಸಿಬ್ಬಂದಿಯ ಎದುರಷ್ಟೇ ತೋರಿಸುವುದಕ್ಕೆ ಕಾಯ್ದೆ ರಿಯಾಯಿತಿ ಕೊಡುತ್ತದೆ. ಇಂಟರ್‌ನೆಟ್ಟಿಗೆ ಏರಿಸಿದೊಡನೆ ಆ ರಿಯಾಯಿತಿ ಅನ್ವಯಿಸುವುದಿಲ್ಲ. ಅಲ್ಲಿ ಯೂಟ್ಯೂಬಿನ ಯಂತ್ರ ಧ್ವನಿಯನ್ನು ಹೋಲಿಸಿ ನೋಡುತ್ತದೆ. ಹೊಂದಿಕೆಯಾದರೆ ಚಿತ್ರವನ್ನು ತಡೆಯುವುದೋ, ಜಾಹೀರಾತಿನ ಹಣ ಪಡೆಯುವುದೋ ಹಕ್ಕುದಾರರಿಗೆ ಬಿಟ್ಟದ್ದು. ಯಂತ್ರ ಸುಮ್ಮನಿದ್ದ ಮಾತ್ರಕ್ಕೆ ಅನುಮತಿ ಸಿಕ್ಕಿತೆಂದು ಅರ್ಥವಲ್ಲ.

ಅನುಮತಿ ಬಾರದಿದ್ದರೆ? ಗೆಳತಿಯಿಂದ ಅದೇ ಧಾಟಿಯಲ್ಲಿ ಹಾಡಿಸಿದರೆ ಕಂಪನಿಯ ಧ್ವನಿಮುದ್ರಣವನ್ನು ಕೈಬಿಟ್ಟಂತಾಯಿತೇ ಹೊರತು ಧಾಟಿಯ ಹಕ್ಕು ಹಾಗೆಯೇ ಉಳಿಯುತ್ತದೆ. ಷರೀಫರ ಪದಕ್ಕೆ ಹೊಸ ಧಾಟಿ ಕಟ್ಟಿ, ಒಂದು ಏಕತಾರಿ, ಒಂದು ದಮ್ಮಡಿ ಇಟ್ಟುಕೊಂಡು ಮನೆಯಲ್ಲೇ ಹಾಡಿಸುವುದು ತೊಡಕಿಲ್ಲದ ದಾರಿ. ಆಗ ಬೇಕಾದದ್ದು ಧಾಟಿ ಕಟ್ಟಿದವರ, ಹಾಡಿದವರ ಮತ್ತು ನುಡಿಸಿದವರ ಒಪ್ಪಿಗೆ ಪತ್ರ. ಅವರಲ್ಲಿ ಹದಿನೆಂಟು ತುಂಬದವರಿದ್ದರೆ ಸಹಿ ಹಾಕಬೇಕಾದವರು ತಂದೆತಾಯಿ. ಆ ಪತ್ರಗಳನ್ನು ಚಿತ್ರದ ಮೂಲಪ್ರತಿಯ ಜೊತೆಯಲ್ಲೇ ಇಟ್ಟುಕೊಂಡರೆ, ನಾಳೆ ಯಾರಾದರೂ ಪ್ರಶ್ನಿಸಿದಾಗ ತೋರಿಸಲು ಕೈಯಲ್ಲಿ ದಾಖಲೆ ಇರುತ್ತದೆ.